ಮೂರು ಸ್ಟ್ರೈಕ್, ತೊಂಬತ್ತು ದಿನ: ಹಳ್ಳಿ ನಾಟಕಗಳ ದಾಖಲೆ ಅಳಿಯುವ ಬಗೆ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಕಡೆ ಸುಗ್ಗಿ ಮುಗಿದು ಜಾತ್ರೆಗಳು ಶುರುವಾದರೆ ಪೌರಾಣಿಕ ನಾಟಕಗಳೂ ಶುರುವಾಗುತ್ತವೆ. ಊರಿನವರೇ ಪಾತ್ರಕ್ಕೆ ಇಷ್ಟೆಂದು ದುಡ್ಡು ಹಾಕಿಕೊಳ್ಳುತ್ತಾರೆ. ಹಾರ್ಮೋನಿಯಂ ಮೇಷ್ಟ್ರು ತಿಂಗಳುಗಟ್ಟಲೆ ತಾಲೀಮು ಕೊಡುತ್ತಾರೆ. ಸೀನರಿ, ಮೈಕ್‌ಸೆಟ್ಟು ಬಾಡಿಗೆಗೆ ಬರುತ್ತವೆ. ಕುರುಕ್ಷೇತ್ರವೋ ಶ್ರೀಕೃಷ್ಣ ಸಂಧಾನವೋ ರಾತ್ರಿಯಿಡೀ ನಡೆಯುತ್ತದೆ. ಹಿಂದೆ ಬೆಳಗಾದ ಮೇಲೆ ಉಳಿಯುತ್ತಿದ್ದದ್ದು ನೋಡಿದವರ ನೆನಪು ಮಾತ್ರ. ಈಗ ಕ್ಯಾಮೆರಾ ಇಟ್ಟುಕೊಂಡ ಯುವಕರು ರಾತ್ರಿಯೆಲ್ಲ ಚಿತ್ರೀಕರಿಸಿ, ದೃಶ್ಯ ದೃಶ್ಯವಾಗಿ ಕತ್ತರಿಸಿ ಯೂಟ್ಯೂಬಿಗೆ ಹಾಕುತ್ತಾರೆ. ಕ್ಯಾಮೆರಾದ ಕಾರ್ಡು ಮುಂದಿನ ಊರಿನ ನಾಟಕಕ್ಕೆ ಬೇಕಾಗುವುದರಿಂದ ಅದನ್ನು ಖಾಲಿ ಮಾಡುತ್ತಾರೆ. ಹೀಗಾದಾಗ ಆ ನಾಟಕದ ಏಕೈಕ ಪ್ರತಿ ಚಾನೆಲ್‌ನಲ್ಲಿರುವುದೇ ಆಗುತ್ತದೆ.

ಆ ಚಾನೆಲ್ ಉಳಿಯುತ್ತದೆಯೇ ಎಂಬುದನ್ನು ತೀರ್ಮಾನಿಸುವುದು 'ಸ್ಟ್ರೈಕ್' ಎಂಬ ವ್ಯವಸ್ಥೆ. ನಿಯಮ ಮುರಿದಿದ್ದೀರಿ ಎಂದು ಕಂಪನಿ ಚಾನೆಲ್‌ನ ಖಾತೆಯಲ್ಲಿ ಬರೆದುಕೊಳ್ಳುವ ಒಂದೊಂದು ಗುರುತೂ ಒಂದು ಸ್ಟ್ರೈಕ್. ಮೊದಲು ಎಚ್ಚರಿಕೆ, ಆಮೇಲೆ ಕೆಲವು ಸೌಲಭ್ಯಗಳಿಗೆ ತಡೆ, ಕೊನೆಗೆ ಶಾಶ್ವತ ಬಹಿಷ್ಕಾರ. ಮೇಲ್ನೋಟಕ್ಕೆ ಇದು ತಪ್ಪು ಮಾಡಿದವನಿಗೆ ತಿದ್ದಿಕೊಳ್ಳಲು ಅವಕಾಶ ಕೊಡುವ ಕ್ರಮ. ಆದರೆ ಅದರ ಲೆಕ್ಕವನ್ನು ಬಿಡಿಸಿ ನೋಡಿದರೆ, ನಾಟಕ ಚಿತ್ರೀಕರಿಸುವ ಸಣ್ಣ ಚಾನೆಲ್‌ಗಳಿಗೆ ಅದು ಬೇರೆಯದೇ ಫಲಿತಾಂಶ ಕೊಡುವ ಸಾಧ್ಯತೆ ಕಾಣುತ್ತದೆ.

ಯೂಟ್ಯೂಬಿನಲ್ಲಿ ಎರಡು ಬೇರೆ ಬೇರೆ ಏಣಿಗಳಿವೆ. ಒಂದರ ಮೆಟ್ಟಿಲನ್ನು ಇನ್ನೊಂದಕ್ಕೆ ಕೂಡಿಸುವುದಿಲ್ಲ. ಮೊದಲನೆಯದು ಸಮುದಾಯ ನಿಯಮಗಳದ್ದು. ಹಿಂಸೆ, ಅಶ್ಲೀಲತೆ, ಮಕ್ಕಳ ಸುರಕ್ಷತೆ, ವಂಚನೆಯಂಥ ವಿಷಯಗಳು ಇದರಲ್ಲಿ ಬರುತ್ತವೆ. ಇಲ್ಲಿ ಮೊದಲ ಸಲ ಸಿಗುವುದು ಬರೀ ಎಚ್ಚರಿಕೆ. 2023ರಿಂದ ಒಂದು ಸಣ್ಣ ತರಬೇತಿ ಮುಗಿಸಿ, 90 ದಿನ ಅದೇ ನಿಯಮವನ್ನು ಮುರಿಯದಿದ್ದರೆ ಆ ಎಚ್ಚರಿಕೆ ಅಳಿಯುತ್ತದೆ. ತರಬೇತಿ ತೆಗೆದುಕೊಳ್ಳದಿದ್ದರೆ ಅದು ಹಾಗೆಯೇ ಉಳಿಯುತ್ತದೆ. ಮುಂದಿನದು ಮೊದಲ ಸ್ಟ್ರೈಕ್: ಒಂದು ವಾರ ವಿಡಿಯೊ ಹಾಕುವಂತಿಲ್ಲ, ಲೈವ್ ಮಾಡುವಂತಿಲ್ಲ. 90 ದಿನದೊಳಗೆ ಎರಡನೆಯದು ಬಂದರೆ ಎರಡು ವಾರ ತಡೆ. ಅದೇ 90 ದಿನದೊಳಗೆ ಮೂರನೆಯದು ಬಂದರೆ ಚಾನೆಲ್ ಹೋಗುತ್ತದೆ. ತೀವ್ರ ಅಪರಾಧ ಎಂದು ಕಂಡರೆ ಮೆಟ್ಟಿಲುಗಳನ್ನೆಲ್ಲ ಬಿಟ್ಟು ನೇರವಾಗಿ ಕೊನೆಯ ಶಿಕ್ಷೆ.

ನಾಟಕದ ಚಾನೆಲ್‌ಗಳಿಗೆ ಹೆಚ್ಚು ಅಪಾಯ ಎರಡನೆಯ ಏಣಿಯಿಂದ, ಅಂದರೆ ಕೃತಿಸ್ವಾಮ್ಯದ ಏಣಿಯಿಂದ. ಇದರ ಬೇರು ಅಮೆರಿಕದಲ್ಲಿ 1998ರಲ್ಲಿ ಬಂದ ಡಿಜಿಟಲ್ ಕೃತಿಸ್ವಾಮ್ಯ ಕಾನೂನಿನಲ್ಲಿದೆ. ಬಳಕೆದಾರರು ಮಾಡುವ ಉಲ್ಲಂಘನೆಗೆ ಕಂಪನಿ ಹೊಣೆಯಾಗಬಾರದು ಎಂದಿದ್ದರೆ, ಪದೇ ಪದೇ ಉಲ್ಲಂಘಿಸುವವರ ಖಾತೆಯನ್ನು ಸೂಕ್ತ ಸಂದರ್ಭದಲ್ಲಿ ಮುಚ್ಚುವ ನೀತಿ ಕಂಪನಿಗೆ ಇರಬೇಕು ಎನ್ನುತ್ತದೆ ಆ ಕಾನೂನು. 'ಪದೇ ಪದೇ' ಎಂದರೆ ಎಷ್ಟು ಸಲ, ಎಷ್ಟು ದಿನದೊಳಗೆ ಎಂದು ಅದು ಹೇಳುವುದಿಲ್ಲ. ಈ ಏಣಿಗೂ ಮೂರು ಮತ್ತು ತೊಂಬತ್ತು ಎಂಬ ಅಂಕಿಗಳನ್ನು ಆರಿಸಿಕೊಂಡದ್ದು ಕಂಪನಿ.

ಈ ಏಣಿಯ ಕೆಳಗೆ ಇನ್ನೊಂದು ಯಂತ್ರ ಕೆಲಸ ಮಾಡುತ್ತಿರುತ್ತದೆ. ಅದರ ಹೆಸರು ಕಂಟೆಂಟ್ ಐಡಿ. ಆಡಿಯೊ ಕಂಪನಿಗಳು ತಮ್ಮ ಹಾಡುಗಳ ಧ್ವನಿಮುದ್ರಿಕೆಗಳನ್ನು ಮೊದಲೇ ಅದಕ್ಕೆ ಕೊಟ್ಟಿರುತ್ತವೆ. ಹೊಸದಾಗಿ ಬರುವ ಪ್ರತಿ ವಿಡಿಯೊದ ಧ್ವನಿಯನ್ನು ಅದು ಆ ಸಂಗ್ರಹದ ಜೊತೆ ಹೋಲಿಸುತ್ತದೆ. ಮುದ್ರಿಕೆಯನ್ನು ಹಾಗೇ ನುಡಿಸಿದ್ದರಷ್ಟೇ ಅಲ್ಲ, ಬೇರೆಯವರು ಅದೇ ಧಾಟಿಯಲ್ಲಿ ಹಾಡಿದ್ದರೂ ಹೊಂದಿಕೆ ಕಾಣಬಲ್ಲದು. ಹೊಂದಿಕೆ ಸಿಕ್ಕಿದರೆ 'ಕ್ಲೇಮು' ಬರುತ್ತದೆ. ಕ್ಲೇಮು ಸ್ಟ್ರೈಕ್ ಅಲ್ಲ. ಸಾಮಾನ್ಯವಾಗಿ ಆ ವಿಡಿಯೊದ ಜಾಹೀರಾತಿನ ಹಣ ಕ್ಲೇಮು ಮಾಡಿದವರಿಗೆ ಹೋಗುತ್ತದೆ, ವಿಡಿಯೊ ಉಳಿಯುತ್ತದೆ.

ಕ್ಲೇಮು ತಪ್ಪು ಎನಿಸಿದರೆ ಆಕ್ಷೇಪಣೆ ಸಲ್ಲಿಸಬಹುದು. ಅದನ್ನು ಮೊದಲು ನೋಡುವವರು ಕ್ಲೇಮು ಮಾಡಿದ ಕಂಪನಿಯವರೇ. ಅವರಿಗೆ 30 ದಿನ ಸಮಯ. ಅವರು ತಿರಸ್ಕರಿಸಿದರೆ ಚಾನೆಲ್‌ನವರು ಮೇಲ್ಮನವಿ ಹಾಕಬಹುದು. ಆಗ ಕ್ಲೇಮು ಮಾಡಿದವರಿಗೆ 7 ದಿನ. ಆ ಹಂತದಲ್ಲಿ ಅವರು ಕ್ಲೇಮನ್ನು ಕೈಬಿಡಬೇಕು, ಇಲ್ಲವೇ ವಿಡಿಯೊ ತೆಗೆಯಿರಿ ಎಂದು ಕಾನೂನುಬದ್ಧ ಕೋರಿಕೆ ಸಲ್ಲಿಸಬೇಕು. ಕೋರಿಕೆ ಊರ್ಜಿತವಾದರೆ ಸ್ಟ್ರೈಕ್ ಬೀಳುತ್ತದೆ. ಹೀಗೆ ಯಂತ್ರದ ತಪ್ಪನ್ನು ಒಪ್ಪಿಕೊಂಡು ಸುಮ್ಮನಿದ್ದವನಿಗೆ ಸ್ಟ್ರೈಕ್ ಬರುವುದಿಲ್ಲ. ಕೊನೆಯವರೆಗೆ ಪ್ರಶ್ನಿಸಿದವನಿಗೆ ಬರಬಹುದು.

ಇದು ನಮ್ಮ ನಾಟಕಗಳಿಗೆ ಹೇಗೆ ತಾಗುತ್ತದೆ ಎಂಬುದಕ್ಕೆ ಪಾವಗಡದ ಕಡೆಯ ಒಂದು ಉದಾಹರಣೆ ತೆಗೆದುಕೊಳ್ಳೋಣ. ಆಂಧ್ರದ ಗಡಿಗೆ ಅಂಟಿಕೊಂಡ ಈ ತಾಲ್ಲೂಕಿನಲ್ಲಿ ತೆಲುಗು ಪದ್ಯನಾಟಕದ ರುಚಿಯೂ ಇದೆ. ಆ ಪರಂಪರೆಯ ಕುರುಕ್ಷೇತ್ರದ ಬಹುಪಾಲು ಪದ್ಯಗಳು ತಿರುಪತಿ ವೆಂಕಟ ಕವುಲು ಎಂದು ಹೆಸರಾದ ಜೋಡಿ ಕವಿಗಳ 'ಪಾಂಡವೋದ್ಯೋಗ ವಿಜಯಾಲು' ನಾಟಕಗಳಿಂದ ಬಂದವು. ಇಬ್ಬರಲ್ಲಿ ತಿರುಪತಿ ಶಾಸ್ತ್ರಿ 1920ರಲ್ಲಿ, ವೆಂಕಟ ಶಾಸ್ತ್ರಿ 1950ರಲ್ಲಿ ತೀರಿಕೊಂಡರು. ನಮ್ಮ ಕಾನೂನಿನಂತೆ, ಜಂಟಿ ಕೃತಿಯ ಹಕ್ಕು ಕೊನೆಯಲ್ಲಿ ತೀರಿಕೊಂಡ ಲೇಖಕರ ಮರಣದ ಮುಂದಿನ ವರ್ಷದಿಂದ 60 ವರ್ಷ ನಡೆಯುತ್ತದೆ. ಆ ಲೆಕ್ಕದಲ್ಲಿ 2010ರ ಕೊನೆಗೆ ಅದು ಮುಗಿದಿದೆ. ಆ ಪದ್ಯಗಳನ್ನು ಯಾರು ಬೇಕಾದರೂ ಹಾಡಬಹುದು. ಆದರೆ ಅವೇ ಪದ್ಯಗಳನ್ನು ಪ್ರಸಿದ್ಧ ಗಾಯಕರು ಹಾಡಿದ ಮುದ್ರಿಕೆಗಳಿಗೆ ಬೇರೆ ಒಡೆಯರಿದ್ದಾರೆ. ಹಳ್ಳಿಯ ಕೃಷ್ಣ ಪಾತ್ರಧಾರಿ ಪದ್ಯ ಕಲಿಯುವುದು ಬಹುಮಟ್ಟಿಗೆ ಅಂಥ ಮುದ್ರಿಕೆ ಕೇಳಿಯೇ. ರಾಗ, ಆಲಾಪ, ಉಸಿರು ತೆಗೆಯುವ ಜಾಗವೂ ಅದರಂತೆಯೇ ಇರುತ್ತದೆ. ಯಂತ್ರ ಹೋಲಿಕೆಯನ್ನು ಗುರುತಿಸುತ್ತದೆ. ಪದ್ಯದ ಹಕ್ಕು ಮುಗಿದಿದೆ ಎಂಬುದು ಅದಕ್ಕೆ ತಿಳಿಯದು.

ಕನ್ನಡ ನಾಟಕಗಳಲ್ಲಿ ಸಮಸ್ಯೆ ಇನ್ನೊಂದು ಬಗೆಯದು. ಅನೇಕ ರಂಗಗೀತೆಗಳು ಹಳೆಯ ಸಿನಿಮಾ ಹಾಡಿನ ಧಾಟಿಯಲ್ಲೇ ಇರುತ್ತವೆ. ಅಲ್ಲಿ ಕ್ಲೇಮಿಗೆ ನಿಜವಾದ ಆಧಾರ ಇರಬಹುದು. ಇಲ್ಲಿ ಕಾನೂನಿನ ಒಂದು ಸೂಕ್ಷ್ಮವನ್ನು ಗಮನಿಸಬೇಕು. 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಮಿನಲ್ಲಿ ಒಂದು ವಿನಾಯಿತಿ ಇದೆ. ಹವ್ಯಾಸಿ ಸಂಘದವರು ಟಿಕೆಟ್ ಇಲ್ಲದೆ, ಅಥವಾ ಧಾರ್ಮಿಕ ಸಂಸ್ಥೆಯ ಸಹಾಯಾರ್ಥ ನಾಟಕವಾಡಿದರೆ ಅದು ಉಲ್ಲಂಘನೆಯಲ್ಲ. ದೇವಸ್ಥಾನದ ಮುಂದೆ ನಡೆಯುವ ನಾಟಕಕ್ಕೆ ಇದಕ್ಕಿಂತ ನೇರವಾದ ರಕ್ಷಣೆ ಬೇಕಿಲ್ಲ. ಆದರೆ ಅದನ್ನು ಚಿತ್ರೀಕರಿಸಿ ಲೋಕಕ್ಕೆಲ್ಲ ತೋರಿಸುವುದು ಕಾನೂನಿನ ಕಣ್ಣಲ್ಲಿ ಬೇರೆ ಕೆಲಸ. ರಂಗದ ಮೇಲೆ ತಪ್ಪಲ್ಲದ ಹಾಡು ವಿಡಿಯೊದಲ್ಲಿ ತಪ್ಪಾಗಬಹುದು. ಸ್ಟ್ರೈಕ್ ಬಿದ್ದಾಗ ಬಹಳ ಮಂದಿ ಗೊಂದಲಕ್ಕೆ ಒಳಗಾಗುವುದು ಇಲ್ಲಿಯೇ.

ಯಂತ್ರ ಎಷ್ಟು ಸಲ ತಪ್ಪುತ್ತದೆ? ಯೂಟ್ಯೂಬ್ ತಾನೇ ಪ್ರಕಟಿಸಿದ ಅಂಕಿಗಳಿವೆ. 2021ರ ಮೊದಲ ಆರು ತಿಂಗಳಲ್ಲಿ ಕಂಟೆಂಟ್ ಐಡಿಯಿಂದ ಬಂದ ಕ್ಲೇಮುಗಳು 72 ಕೋಟಿಗೂ ಹೆಚ್ಚು. ಅವುಗಳಲ್ಲಿ ಆಕ್ಷೇಪಣೆ ಬಂದದ್ದು ನೂರಕ್ಕೆ ಅರ್ಧದಷ್ಟು, ಅಂದರೆ ಸುಮಾರು 37 ಲಕ್ಷ. ಆ ಆಕ್ಷೇಪಣೆಗಳಲ್ಲಿ ನೂರಕ್ಕೆ 60ರಷ್ಟು ವಿಡಿಯೊ ಹಾಕಿದವರ ಪರವಾಗಿ ಮುಗಿದವು. ಉಳಿದ 71 ಕೋಟಿಯಲ್ಲೂ ಇದೇ ಪ್ರಮಾಣದ ತಪ್ಪಿದೆ ಎಂದು ಇದರಿಂದ ಹೇಳಲಾಗದು. ತಮ್ಮದು ಸರಿ ಎಂಬ ನಂಬಿಕೆ ಇದ್ದವರೇ ಆಕ್ಷೇಪಿಸಿರುತ್ತಾರೆ. ಆದರೆ ಆರು ತಿಂಗಳಲ್ಲಿ 20 ಲಕ್ಷಕ್ಕೂ ಮೇಲ್ಪಟ್ಟು ಕ್ಲೇಮುಗಳು ನಿಲ್ಲಲಿಲ್ಲ ಎಂಬುದು ಕಂಪನಿಯ ಲೆಕ್ಕದಿಂದಲೇ ಸಿಗುತ್ತದೆ.

ಸಮುದಾಯ ನಿಯಮಗಳ ಏಣಿಗೆ 2020ರಲ್ಲಿ ಅಕಸ್ಮಾತ್ತಾಗಿ ಒಂದು ಪ್ರಯೋಗವೇ ನಡೆದುಹೋಯಿತು. ಕೋವಿಡ್ ಬಂದು ಪರಿಶೀಲಿಸುವ ಸಿಬ್ಬಂದಿ ಕಚೇರಿಗೆ ಬರುವುದು ನಿಂತಾಗ, ಯೂಟ್ಯೂಬ್ ಹೆಚ್ಚಿನ ತೀರ್ಮಾನವನ್ನು ಯಂತ್ರಕ್ಕೆ ಬಿಟ್ಟಿತು. ಜನವರಿಯಿಂದ ಮಾರ್ಚ್‌ವರೆಗೆ ಸುಮಾರು 61 ಲಕ್ಷ ವಿಡಿಯೊ ತೆಗೆದಿದ್ದ ಕಂಪನಿ, ಏಪ್ರಿಲ್‌ನಿಂದ ಜೂನ್‌ವರೆಗೆ 1.14 ಕೋಟಿ ತೆಗೆಯಿತು. ಮೇಲ್ಮನವಿ ಹಾಕಿದವರಲ್ಲಿ ಮೊದಲು ನೂರಕ್ಕೆ 25ರಷ್ಟು ಮಂದಿಯ ವಿಡಿಯೊ ಮರಳಿ ಬರುತ್ತಿತ್ತು. ಆ ಮೂರು ತಿಂಗಳಲ್ಲಿ ಅದು ಸುಮಾರು 50ಕ್ಕೆ ಏರಿತು. ಮನುಷ್ಯರು ನೋಡದೆ ತೆಗೆದ ವಿಡಿಯೊಗಳಿಗೆ ಸಾಮಾನ್ಯವಾಗಿ ಸ್ಟ್ರೈಕ್ ಕೊಡುವುದಿಲ್ಲ ಎಂದು ಕಂಪನಿ ಆಗ ಹೇಳಬೇಕಾಯಿತು. ಯಂತ್ರದ ಪಾಲು ಹೆಚ್ಚಿದಷ್ಟೂ ಸ್ಟ್ರೈಕ್ ಎಣಿಕೆ ನಂಬಿಕೆಗೆ ದೂರವಾಗುತ್ತದೆ ಎಂಬುದು ಕಂಪನಿಗೂ ಗೊತ್ತಿದೆ ಎಂದಾಯಿತು.

ಈಗ ಏಣಿಯ ಗಣಿತಕ್ಕೆ ಬರೋಣ. ಪ್ರತಿ ನೂರು ವಿಡಿಯೊಗೆ ಒಂದು ಸ್ಟ್ರೈಕ್ ಬೀಳುತ್ತದೆ ಎಂದು ಇಟ್ಟುಕೊಳ್ಳೋಣ. ಇದು ಅಳೆದ ಪ್ರಮಾಣವಲ್ಲ, ಲೆಕ್ಕಕ್ಕಾಗಿ ಹಿಡಿದ ಊಹೆ. 90 ದಿನದಲ್ಲಿ 60 ವಿಡಿಯೊ ಹಾಕುವ ಚಾನೆಲ್‌ಗೆ ಮೂರು ಅಥವಾ ಹೆಚ್ಚು ಸ್ಟ್ರೈಕ್ ಬೀಳುವ ಸಂಭವ ನೂರಕ್ಕೆ ಸುಮಾರು 2. ಅದೇ ಚಾನೆಲ್ ಅದೇ ಅವಧಿಯಲ್ಲಿ 180 ವಿಡಿಯೊ ಹಾಕಿದರೆ ಸಂಭವ ನೂರಕ್ಕೆ ಸುಮಾರು 27. ವಿಡಿಯೊಗಳ ಸಂಖ್ಯೆ ಮೂರು ಪಟ್ಟಾಯಿತು, ಮುಚ್ಚಿಹೋಗುವ ಸಂಭವ ಹನ್ನೆರಡು ಪಟ್ಟಾಯಿತು. ಚಾನೆಲ್‌ನವರ ಎಚ್ಚರವಾಗಲಿ ಪ್ರಾಮಾಣಿಕತೆಯಾಗಲಿ ಕಿಂಚಿತ್ತೂ ಬದಲಾಗಿಲ್ಲ. ಏಣಿ ಎಣಿಸುವುದು ನೂರಕ್ಕೆ ಎಷ್ಟು ತಪ್ಪು ಎಂಬುದನ್ನಲ್ಲ, ಒಟ್ಟು ಎಷ್ಟು ಎಂಬುದನ್ನು. ಆದ್ದರಿಂದ ಹೆಚ್ಚು ದಾಖಲಿಸುವವರಿಗೇ ಹೆಚ್ಚು ಅಪಾಯ.

ನಾಟಕದ ಹಂಗಾಮು ಈ ಲೆಕ್ಕವನ್ನು ಇನ್ನಷ್ಟು ಬಿಗಿ ಮಾಡುತ್ತದೆ. 2025ರಲ್ಲಿ ಶಿವರಾತ್ರಿ ಫೆಬ್ರವರಿ 26ಕ್ಕೆ ಬಂತು, ಬಸವ ಜಯಂತಿ ಏಪ್ರಿಲ್ 30ಕ್ಕೆ. ನಡುವೆ 63 ದಿನ. ಜಾತ್ರೆ, ರಥೋತ್ಸವ, ಯುಗಾದಿ, ರಾಮನವಮಿಯ ನಾಟಕಗಳಲ್ಲಿ ಬಹಳಷ್ಟು ಇದರೊಳಗೇ ಮುಗಿಯುತ್ತವೆ. ವರ್ಷಪೂರ್ತಿ ಹರಡಿಕೊಂಡಿದ್ದರೆ ಮೊದಲ ಸ್ಟ್ರೈಕ್ ಅಳಿದ ಮೇಲೆ ಎರಡನೆಯದು ಬರುತ್ತಿತ್ತು. ಇಡೀ ಹಂಗಾಮು ಒಂದೇ 90 ದಿನದ ಕಿಟಕಿಯೊಳಗೆ ಕೂತಿರುವುದರಿಂದ ಯಾವುದೂ ಅಳಿಯುವಷ್ಟರಲ್ಲಿ ಮುಂದಿನದು ಬರುತ್ತದೆ. ರಾತ್ರಿಯಿಡೀ ನಡೆದ ನಾಟಕವನ್ನು ಹದಿನೈದು, ಇಪ್ಪತ್ತು ತುಂಡು ಮಾಡಿ ಹಾಕುವ ಪದ್ಧತಿಯಿಂದ ವಿಡಿಯೊಗಳ ಸಂಖ್ಯೆಯೂ ಏರುತ್ತದೆ. ನಾಲ್ಕು ಊರಿನ ನಾಲ್ಕು ತಂಡಗಳು ಒಂದೇ ಮೇಷ್ಟ್ರ ಬಳಿ ಅದೇ ಪದ್ಯ ಕಲಿತಿರುತ್ತವೆ. ಹಾಗಾಗಿ ಒಂದು ಕಡೆ ಹೊಂದಿಕೆ ಕಂಡ ಯಂತ್ರಕ್ಕೆ ಉಳಿದ ಮೂರು ಕಡೆಯೂ ಕಾಣುತ್ತದೆ. ಮೇಲಿನ ಲೆಕ್ಕ ಪ್ರತಿ ಸ್ಟ್ರೈಕ್ ಬಿಡಿ ಬಿಡಿಯಾಗಿ ಬೀಳುತ್ತದೆ ಎಂದು ಹಿಡಿದದ್ದು. ನಿಜದಲ್ಲಿ ಅವು ಗುಂಪಾಗಿ ಬೀಳುತ್ತವೆ.

ಒಂದು ಕಲ್ಪಿತ ಚಾನೆಲ್‌ನ ದಿನಚರಿಯಲ್ಲಿ ಇದನ್ನು ನೋಡೋಣ. ಒಂದನೇ ದಿನ, ಹಕ್ಕು ಮುಗಿದ ಪದ್ಯವೊಂದಕ್ಕೆ ಮೊದಲ ಸ್ಟ್ರೈಕ್. ಚಾನೆಲ್‌ನವರು ಗಾಬರಿಯಾಗಿ ವಿಡಿಯೊವನ್ನೇ ಅಳಿಸುತ್ತಾರೆ. ಅಳಿಸಿದರೆ ಸ್ಟ್ರೈಕ್ ಹೋಗುವುದಿಲ್ಲ ಎಂಬುದು ಅವರಿಗೆ ಗೊತ್ತಿಲ್ಲ. ನಲವತ್ತನೇ ದಿನ ಇನ್ನೊಂದು ಊರಿನ ನಾಟಕದ ಅದೇ ಪದ್ಯಕ್ಕೆ ಎರಡನೆಯದು. ಎಪ್ಪತ್ತೈದನೇ ದಿನ ಸಿನಿಮಾ ಧಾಟಿಯ ಹಾಡೊಂದಕ್ಕೆ ಮೂರನೆಯದು. ಯೂಟ್ಯೂಬಿನ ಕೃತಿಸ್ವಾಮ್ಯದ ಪಾಠ ಮುಗಿಸಿದ್ದರೆ ಮೊದಲನೆಯದು ತೊಂಬತ್ತನೇ ದಿನ ಅಳಿಯಬೇಕಿತ್ತು. ಹದಿನೈದು ದಿನ ಮೊದಲೇ ಚಾನೆಲ್ ಮುಚ್ಚಿತು. ಹಣ ಗಳಿಕೆಯ ಪಾರ್ಟ್ನರ್ ಕಾರ್ಯಕ್ರಮಕ್ಕೆ ಸೇರಿದ ದೊಡ್ಡ ಚಾನೆಲ್ ಆಗಿದ್ದರೆ ಮೂರನೇ ಸ್ಟ್ರೈಕ್ ಆದ ಮೇಲೂ 7 ದಿನ ಗಡುವು ಸಿಗುತ್ತಿತ್ತು. ಸಣ್ಣ ಚಾನೆಲ್‌ಗೆ ಅದೂ ಇಲ್ಲ.

ಇದನ್ನು ತಪ್ಪಿಸುವ ದಾರಿ ಇತ್ತು. ಮೊದಲ ಸ್ಟ್ರೈಕ್ ಬಂದ ಐದನೇ ದಿನ 'ಪ್ರತಿಸೂಚನೆ' ಸಲ್ಲಿಸಿದ್ದರೆ, ಅಂದರೆ ಈ ವಿಡಿಯೊವನ್ನು ತಪ್ಪಾಗಿ ತೆಗೆಯಲಾಗಿದೆ ಎಂದು ಕಾನೂನಿನ ನಮೂನೆಯಲ್ಲಿ ಬರೆದುಕೊಟ್ಟಿದ್ದರೆ, ದೂರು ಕೊಟ್ಟವರು 10 ಕೆಲಸದ ದಿನದೊಳಗೆ ಕೋರ್ಟಿಗೆ ಹೋದ ಪುರಾವೆ ತೋರಿಸಬೇಕಿತ್ತು. ತೋರಿಸದಿದ್ದರೆ ಇಪ್ಪತ್ತನೇ ದಿನದ ಸುಮಾರಿಗೆ ವಿಡಿಯೊ ಮರಳಿ, ಸ್ಟ್ರೈಕ್ ಅಳಿಯುತ್ತಿತ್ತು. ಎಣಿಕೆ ಮೂರನ್ನು ಮುಟ್ಟುತ್ತಲೇ ಇರಲಿಲ್ಲ. ಹಾಗಿದ್ದರೂ ಜನ ಇದನ್ನು ಬಳಸಲು ಹಿಂಜರಿಯುವುದಕ್ಕೆ ಕಾರಣವಿದೆ. ನಮೂನೆಯಲ್ಲಿ ನಿಜವಾದ ಹೆಸರು, ವಿಳಾಸ, ಫೋನ್ ನಂಬರ್ ಕೊಡಬೇಕು; ಅದು ದೂರು ಕೊಟ್ಟವರಿಗೆ ಹೋಗುತ್ತದೆ. ಮೊಕದ್ದಮೆ ಹೂಡಿದರೆ ಕೋರ್ಟಿನ ವ್ಯಾಪ್ತಿಗೆ ಒಳಪಡುತ್ತೇನೆಂದು ಒಪ್ಪಿಕೊಳ್ಳಬೇಕು. ಕೊರಟಗೆರೆಯ ಸ್ಟುಡಿಯೊದವನೊಬ್ಬ ಒಂದು ಪದ್ಯಕ್ಕಾಗಿ ಇಷ್ಟು ಭಾರ ಹೊರುವುದು ಕಷ್ಟ.

ಯೂಟ್ಯೂಬಿನೊಳಗೆ ಉಳಿದ ದಾರಿ ಒಂದೇ: ದೂರು ಕೊಟ್ಟವರನ್ನೇ ಕೇಳಿಕೊಂಡು ಹಿಂತೆಗೆಸುವುದು. ಎಣಿಕೆ ಎರಡಕ್ಕೆ ಬಂದಾಗ ಆ ಹಿಂತೆಗೆತಕ್ಕೆ ಬೆಲೆ ಬರುತ್ತದೆ. 2025ರ ಮೇ ತಿಂಗಳಲ್ಲಿ ಯೂಟ್ಯೂಬರ್ ಮೋಹಕ್ ಮಂಗಲ್, ಕೆಲವೇ ಸೆಕೆಂಡುಗಳ ದೃಶ್ಯ ಬಳಸಿದ್ದಕ್ಕೆ ಎಎನ್‌ಐ ಸುದ್ದಿಸಂಸ್ಥೆ ಸ್ಟ್ರೈಕ್‌ಗಳನ್ನು ಕೊಟ್ಟು, ಆ ಸ್ಟ್ರೈಕ್‌ಗಳನ್ನು ತೆಗೆಯಲು 45 ಲಕ್ಷ ರೂಪಾಯಿಗೂ ಹೆಚ್ಚು ಹಣ ಕೇಳಿತು ಎಂದು ಬಹಿರಂಗವಾಗಿ ಹೇಳಿದರು. ತನ್ನ ಕೃತಿಸ್ವಾಮ್ಯವನ್ನು ಕಾನೂನಿನಂತೆ ಕಾಪಾಡಿಕೊಳ್ಳುತ್ತಿದ್ದೇನೆ ಎಂಬುದು ಸಂಸ್ಥೆಯ ನಿಲುವು. ವಿಷಯ ದೆಹಲಿ ಹೈಕೋರ್ಟಿಗೆ ಹೋಯಿತು. ಯಾರು ಸರಿ ಎಂಬುದು ಇಲ್ಲಿ ಮುಖ್ಯವಲ್ಲ. ಕೆಲವು ಸೆಕೆಂಡಿನ ದೃಶ್ಯದ ಬೆಲೆ ಆ ಮಟ್ಟಕ್ಕೆ ಏರಲು ಕಾರಣ ದೃಶ್ಯವಲ್ಲ, ಮೂರನೆಯ ಮೆಟ್ಟಿಲು. ದುರುದ್ದೇಶದ ದೂರುಗಳೂ ಇವೆ: ಯಾರು ಬೇಕಾದರೂ ತುಂಬಬಹುದಾದ ಸಾರ್ವಜನಿಕ ನಮೂನೆಯ ಮೂಲಕ ತೆಗೆಯಲು ಕೋರಿದ ವಿಡಿಯೊಗಳಲ್ಲಿ ನೂರಕ್ಕೆ 8ಕ್ಕೂ ಹೆಚ್ಚು ದುರ್ಬಳಕೆಯ ಕೋರಿಕೆಗಳಿಗೆ ಗುರಿಯಾಗಿದ್ದವು ಎಂದು ಯೂಟ್ಯೂಬಿನ 2021ರ ಅದೇ ವರದಿ ಹೇಳುತ್ತದೆ. ನಾಟಕದ ತಂಡಗಳ ನಡುವಿನ ಪೈಪೋಟಿ ಗೊತ್ತಿರುವವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಿಲ್ಲ.

ಮೂರನೇ ಮೆಟ್ಟಿಲಾದ ಮೇಲೆ ಹೋಗುವುದು ದೂರು ಬಂದ ಮೂರು ವಿಡಿಯೊಗಳಷ್ಟೇ ಅಲ್ಲ, ಚಾನೆಲ್‌ನಲ್ಲಿದ್ದ ಎಲ್ಲವೂ. ಐದು ವರ್ಷದ ಸಾವಿರ ವಿಡಿಯೊಗಳಲ್ಲಿ 997ರ ಮೇಲೆ ಯಾರ ದೂರೂ ಇರದಿದ್ದರೂ ಅಷ್ಟೇ. ಅದೇ ವ್ಯಕ್ತಿಯ ಬೇರೆ ಚಾನೆಲ್‌ಗಳೂ ಮುಚ್ಚಬಹುದು, ಹೊಸದನ್ನು ತೆರೆದರೆ ಅದು ನಿಯಮ ತಪ್ಪಿಸಿದ ಅಪರಾಧವಾಗುತ್ತದೆ. 2025ರ ಅಕ್ಟೋಬರ್‌ನಲ್ಲಿ ಕಂಪನಿ, ಬಹಿಷ್ಕೃತರು ಒಂದು ವರ್ಷದ ನಂತರ ಹೊಸ ಚಾನೆಲ್‌ಗೆ ಅರ್ಜಿ ಹಾಕಬಹುದು ಎಂದಿತು. ಕೃತಿಸ್ವಾಮ್ಯದ ಕಾರಣಕ್ಕೆ ಮುಚ್ಚಿದವರನ್ನು ಅದರಿಂದ ಹೊರಗಿಟ್ಟಿತು. ಅವಕಾಶ ಸಿಕ್ಕವರಿಗೂ ಹಳೆಯ ವಿಡಿಯೊಗಳು ಬರುವುದಿಲ್ಲ.

ನಮ್ಮ ಕಾನೂನು ಸ್ವಲ್ಪ ರಕ್ಷಣೆ ಕೊಡುತ್ತದೆ. 2026ರಲ್ಲಿ ತಿದ್ದುಪಡಿಯಾದ 2021ರ ಮಾಹಿತಿ ತಂತ್ರಜ್ಞಾನ ನಿಯಮಗಳ ಪ್ರಕಾರ ಕಂಪನಿಯ ಕುಂದುಕೊರತೆ ಅಧಿಕಾರಿ ದೂರನ್ನು 24 ಗಂಟೆಯೊಳಗೆ ಸ್ವೀಕರಿಸಿ 7 ದಿನದೊಳಗೆ ತೀರಿಸಬೇಕು. ತೃಪ್ತಿಯಾಗದಿದ್ದರೆ 30 ದಿನದೊಳಗೆ ಕೇಂದ್ರ ಸರ್ಕಾರದ ಕುಂದುಕೊರತೆ ಮೇಲ್ಮನವಿ ಸಮಿತಿಗೆ ಹೋಗಬಹುದು. 2023ರ ಜನವರಿಯಲ್ಲಿ ರಚನೆಯಾದ ಈ ಸಮಿತಿಗಳಿಗೆ gac.gov.in ಮೂಲಕ ಅರ್ಜಿ ಹಾಕಬಹುದು. ಸಮಿತಿ 30 ದಿನದೊಳಗೆ ತೀರ್ಮಾನಿಸಲು ಯತ್ನಿಸಬೇಕು. ಆದರೆ ದಿನಗಳನ್ನು ಕೂಡಿಸಿ ನೋಡಿ: ಏಳಕ್ಕೆ ಮೂವತ್ತು ಸೇರಿದರೆ ಮೂವತ್ತೇಳು. ಹಂಗಾಮಿನ ಅರ್ಧಕ್ಕಿಂತ ಹೆಚ್ಚು ಅಷ್ಟರಲ್ಲಿ ಮುಗಿದಿರುತ್ತದೆ. ತಡೆ ಮೊದಲ ದಿನದಿಂದಲೇ ಜಾರಿಯಾಗುತ್ತದೆ, ನ್ಯಾಯ ಆಮೇಲೆ ಬರುತ್ತದೆ.

ಇದರಿಂದ ಬರುವ ತೀರ್ಮಾನಗಳು ಕೆಲವೇ, ಆದರೆ ಸ್ಪಷ್ಟ. ಚಾನೆಲ್ ಪ್ರದರ್ಶನದ ಜಾಗ, ಸಂಗ್ರಹದ ಜಾಗವಲ್ಲ. ಕಾರ್ಡ್ ಖಾಲಿ ಮಾಡುವ ಮುಂಚೆ ಪ್ರತಿ ನಾಟಕದ ಮೂಲ ಪ್ರತಿ ಎರಡು ಹಾರ್ಡ್‌ಡಿಸ್ಕಿನಲ್ಲಿ, ಎರಡು ಬೇರೆ ಮನೆಗಳಲ್ಲಿ ಇರಬೇಕು. ಹಂಗಾಮಿನಲ್ಲಿ ಎಲ್ಲವನ್ನೂ ಒಮ್ಮೆಗೇ ಹಾಕದೆ, ಕೆಲವನ್ನು ಮಳೆಗಾಲಕ್ಕೆ ಉಳಿಸಿಕೊಂಡರೆ 90 ದಿನದ ಕಿಟಕಿಯಲ್ಲಿ ಎಣಿಕೆ ಏರುವುದಿಲ್ಲ. ಸಿನಿಮಾ ಧಾಟಿಯ ಹಾಡುಗಳನ್ನು ಕತ್ತರಿಸಿ ಹಾಕುವುದು, ಹಕ್ಕು ಮುಗಿದ ಪದ್ಯಗಳಿಗೆ ಮೊದಲ ಸ್ಟ್ರೈಕಿನಲ್ಲೇ ಪ್ರತಿಸೂಚನೆ ಕೊಡುವುದು ಒಳ್ಳೆಯದು. ಎರಡನೆಯದರವರೆಗೆ ಕಾದರೆ ಚೌಕಾಸಿಯ ಬಲ ಎದುರಿನವರ ಕೈಗೆ ಹೋಗುತ್ತದೆ. ಪದ್ಯಗಳ ಕರ್ತೃ ಯಾರು, ಯಾವ ವರ್ಷ ತೀರಿಕೊಂಡರು ಎಂಬ ಪಟ್ಟಿಯೊಂದನ್ನು ನಾಟಕದ ಮೇಷ್ಟ್ರುಗಳು ಒಟ್ಟಾಗಿ ಮಾಡಿಟ್ಟುಕೊಂಡರೆ ಆ ಪ್ರತಿಸೂಚನೆ ಬರೆಯುವುದು ಅರ್ಧ ಗಂಟೆಯ ಕೆಲಸ.

ಆದರೆ ಏಣಿಯ ಮೂಲದೋಷವನ್ನು ಚಾನೆಲ್‌ನವರು ಸರಿಪಡಿಸಲಾರರು. ಸ್ಟ್ರೈಕುಗಳನ್ನು ಒಟ್ಟು ವಿಡಿಯೊಗಳ ಪ್ರಮಾಣದಲ್ಲಿ ಎಣಿಸಬೇಕು. ಪ್ರತಿಸೂಚನೆ ಬಾಕಿ ಇರುವಾಗ ಆ ಸ್ಟ್ರೈಕನ್ನು ಮೂರರ ಲೆಕ್ಕಕ್ಕೆ ಸೇರಿಸಬಾರದು. ಮುಚ್ಚಿದ ಚಾನೆಲ್‌ನ ದೂರಿಲ್ಲದ ವಿಡಿಯೊಗಳನ್ನು ಇಳಿಸಿಕೊಳ್ಳಲು ಮಾಲೀಕರಿಗೆ ಗಡುವು ಕೊಡಬೇಕು. ಈ ಮೂರಕ್ಕೂ ಹೊಸ ತಂತ್ರಜ್ಞಾನ ಬೇಡ. ಅಂಕಿಗಳನ್ನು ಆರಿಸಿದ್ದು ಕಂಪನಿಯೇ ಆದ್ದರಿಂದ ಕಾನೂನಿನ ತಿದ್ದುಪಡಿಗೂ ಕಾಯಬೇಕಾಗಿಲ್ಲ. ಅಲ್ಲಿಯವರೆಗೆ ನಾಲ್ಕು ತಾಲ್ಲೂಕಿನ ನಾಟಕಗಳಲ್ಲಿ ಹೆಚ್ಚು ದಾಖಲಾದವು ಯಾವುವೋ ಅವುಗಳ ದಾಖಲೆಯೇ ಹೆಚ್ಚು ಅಪಾಯದಲ್ಲಿರುತ್ತದೆ.